ಆದಿ ಸಭೆಯ ನಾನೂರು ವರ್ಷ, ಅಂಟಿಸಿದ ಎರಡು ಹಾಳೆಯ ಮೇಲೆ

‘ಕ್ರಿ.ಶ. 313ರಲ್ಲಿ ರೋಮಿನ ಏಕಚಕ್ರಾಧಿಪತಿಯಾಗಿದ್ದ ಕಾನ್‌ಸ್ಟಂಟೈನ್ ಮಿಲಾನ್ ಶಾಸನ ಹೊರಡಿಸಿ ಕ್ರೈಸ್ತ ಧರ್ಮವನ್ನು ರಾಜಧರ್ಮ ಮಾಡಿದ. 325ರ ನೈಸಿಯ ಮಹಾಸಭೆಯಲ್ಲಿ ಹೊಸ ಒಡಂಬಡಿಕೆಯ ಪುಸ್ತಕಗಳನ್ನು ಆರಿಸಲಾಯಿತು.’

ಆದಿ ಕ್ರೈಸ್ತ ಇತಿಹಾಸದ ಉತ್ತರಪತ್ರಿಕೆಗಳಲ್ಲಿ ಇಂಥ ವಾಕ್ಯ ಮತ್ತೆ ಮತ್ತೆ ಎದುರಾಗುತ್ತದೆ. ಇದರಲ್ಲಿರುವ ಎರಡು ಇಸವಿಗಳೂ ಸರಿ, ಉಳಿದದ್ದೆಲ್ಲ ತಪ್ಪು. ಬರೆದವರು ಓದದೆ ಬಂದವರಲ್ಲ, ಇಸವಿಗಳ ಪಟ್ಟಿಯನ್ನು ಚೆನ್ನಾಗಿಯೇ ಬಾಯಿಪಾಠ ಮಾಡಿದವರು. ಆದರೆ ಪಟ್ಟಿಯಲ್ಲಿ 313ರ ಕೆಳಗಿನ ಸಾಲಿನಲ್ಲೇ 325, ಅದರ ಕೆಳಗೆ 380 ಇರುತ್ತವೆ. ಮೊದಲಿನ ಎರಡರ ನಡುವೆ ಹನ್ನೆರಡು ವರ್ಷ, ಆಮೇಲಿನ ಎರಡರ ನಡುವೆ ಐವತ್ತೈದು ವರ್ಷ ಇದೆ ಎಂಬುದು ಕಣ್ಣಿಗೆ ಬೀಳುವುದೇ ಇಲ್ಲ. ಅಂತರ ಕಾಣದಿದ್ದರೆ ಘಟನೆಗಳು ಒಂದರ ಮೇಲೊಂದು ಕುಸಿದು, ಅರ್ಧ ಶತಮಾನದ ಕೆಲಸವೆಲ್ಲ ಒಬ್ಬ ಕಾನ್‌ಸ್ಟಂಟೈನ್‌ನ ಲೆಕ್ಕಕ್ಕೆ ಜಮೆಯಾಗುತ್ತದೆ. ಮಂಗಳೂರು, ಬೆಂಗಳೂರಿನ ದೇವಶಾಸ್ತ್ರ ಕಾಲೇಜುಗಳಲ್ಲಿ ಸಭಾ ಚರಿತ್ರೆ ಓದುವವರಿಗೂ, ಪದವಿಯಲ್ಲಿ ರೋಮನ್ ಸಾಮ್ರಾಜ್ಯದ ಪತ್ರಿಕೆ ಬರೆಯುವವರಿಗೂ ಕಾಲರೇಖೆ ಬೇಕಾಗುವುದು ಇದಕ್ಕಾಗಿ.

ಕಾಲರೇಖೆಯನ್ನು ಅಳತೆಗೆ ಸರಿಯಾಗಿ ಎಳೆಯಬೇಕು. ಎ4 ಹಾಳೆಗಳೆರಡನ್ನು ಉದ್ದಕ್ಕೆ ಜೋಡಿಸಿ ಅಂಟಿಸಿದರೆ ಸುಮಾರು 59 ಸೆಂಟಿಮೀಟರ್ ಸಿಗುತ್ತದೆ. ಒಂದು ಸೆಂಟಿಮೀಟರಿಗೆ ಹತ್ತು ವರ್ಷ ಎಂದಿಟ್ಟುಕೊಂಡರೆ ಕ್ರಿ.ಪೂ. 10ರಿಂದ ಕಾಲ್ಸಿಡನ್ ಮಹಾಸಭೆ ಸೇರಿದ ಕ್ರಿ.ಶ. 451ರವರೆಗಿನ ಕಾಲ 46 ಸೆಂಟಿಮೀಟರಿನಲ್ಲಿ ಹಿಡಿಸಿ, ಎರಡೂ ತುದಿಯಲ್ಲಿ ಜಾಗ ಉಳಿಯುತ್ತದೆ. ಗೆರೆಯ ಮೇಲ್ಗಡೆ ರೋಮಿನ ಚಕ್ರವರ್ತಿಗಳು ಮತ್ತು ಅವರ ಆಜ್ಞೆಗಳು, ಕೆಳಗಡೆ ಸಭೆಯೊಳಗೆ ನಡೆದದ್ದು, ಇನ್ನೂ ಕೆಳಗೆ ರೋಮನ್ ಸಾಮ್ರಾಜ್ಯದ ಹೊರಗೆ ನಡೆದದ್ದಕ್ಕೆ ಒಂದು ಸಾಲು. ಹೀಗೆ ಸಾಲು ಸಾಲಾಗಿ ಕಾಲವನ್ನು ಅಕ್ಕಪಕ್ಕ ಇಡುವ ರೂಢಿ ಈ ವಿಷಯದಷ್ಟೇ ಹಳೆಯದು. ಸಭಾ ಚರಿತ್ರೆಯನ್ನು ಮೊದಲು ವಿಸ್ತಾರವಾಗಿ ಬರೆದ ಕೈಸರೈಯದ ಯುಸೀಬಿಯಸ್, ಬೇರೆ ಬೇರೆ ರಾಜ್ಯಗಳ ವರ್ಷಗಳನ್ನು ಒಂದೇ ಪುಟದಲ್ಲಿ ಕಂಬಸಾಲುಗಳಾಗಿ ಹೊಂದಿಸಿ ಒಂದು ಕಾಲಾನುಕ್ರಮಣಿಕೆ ಮಾಡಿದ್ದ. ಜೆರೋಮ್ ಅದನ್ನು ಲ್ಯಾಟಿನ್ನಿಗೆ ತಂದು 378ರವರೆಗೆ ಮುಂದುವರಿಸಿದ.

ಅಂಚಿನಲ್ಲೇ ಒಂದು ಎಚ್ಚರಿಕೆ ಬರೆದಿಟ್ಟುಕೊಳ್ಳಿ. ಕ್ರಿ.ಪೂ. 1 ಆದಮೇಲೆ ನೇರ ಕ್ರಿ.ಶ. 1 ಬರುತ್ತದೆ, ನಡುವೆ ಸೊನ್ನೆ ವರ್ಷವಿಲ್ಲ. ಯೇಸು ಹುಟ್ಟಿದಾಗ ಮಹಾ ಹೆರೋದ ಬದುಕಿದ್ದನೆಂದು ಮತ್ತಾಯನ ಸುವಾರ್ತೆ ಹೇಳುತ್ತದೆ. ಹೆರೋದ ಸತ್ತದ್ದು ಕ್ರಿ.ಪೂ. 4ರಲ್ಲಿ ಎಂಬುದು ಹೆಚ್ಚಿನವರು ಒಪ್ಪಿದ ಲೆಕ್ಕ. ಹಾಗಾಗಿ ಯೇಸುವಿನ ಜನನ ಕ್ರಿ.ಪೂ. 6–4ರ ಸುಮಾರಿಗೆ ಬೀಳುತ್ತದೆ. ಕ್ರಿಸ್ತ ಹುಟ್ಟಿದ್ದು ಕ್ರಿಸ್ತಪೂರ್ವದಲ್ಲೇ ಎಂದರೆ ವಿಚಿತ್ರವೆನಿಸಬಹುದು. ಆದರೆ ಕ್ರಿಸ್ತಶಕವನ್ನು ಎಣಿಸಲು ತೊಡಗಿದ್ದು ಅದೆಷ್ಟೋ ಕಾಲದ ಮೇಲೆ, 525ರಲ್ಲಿ, ಡಯೊನೀಸಿಯಸ್ ಎಕ್ಸಿಗುವಸ್ ಎಂಬ ಸನ್ಯಾಸಿ. ಅವನ ಲೆಕ್ಕ ಕೆಲವು ವರ್ಷ ತಪ್ಪಿತ್ತು, ನಾವು ಅದನ್ನೇ ಇಂದಿಗೂ ಬಳಸುತ್ತಿದ್ದೇವೆ.

ಗೆರೆ ಎಳೆದಾಯಿತು. ಈಗ ಮೊದಲು ನೆಡಬೇಕಾದ್ದು ಗೂಟಗಳನ್ನು. ಅಂದರೆ ಬೈಬಲಿನ ಹೊರಗಿನ ಸಾಕ್ಷ್ಯವೂ ಇರುವ, ಅಲುಗಾಡದ ಇಸವಿಗಳನ್ನು. ಉಳಿದವನ್ನು ಆ ಗೂಟಗಳಿಗೆ ಕಟ್ಟಿ ಅಳೆಯಬೇಕು. ಇದು ಹೇಗೆ ನಡೆಯುತ್ತದೆ ಎಂಬುದಕ್ಕೆ ಪೌಲನ ಬದುಕಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಪೌಲನ ಪತ್ರಗಳಲ್ಲಿ ಇಸವಿ ಎಂಬುದೇ ಇಲ್ಲ. ಆದರೆ ಅಪೊಸ್ತಲರ ಕೃತ್ಯಗಳ 18ನೇ ಅಧ್ಯಾಯದಲ್ಲಿ ಪೌಲ ಕೊರಿಂಥದಲ್ಲಿ ಒಂದೂವರೆ ವರ್ಷ ಇದ್ದನೆಂದೂ, ಗಲ್ಲಿಯೋ ಎಂಬವನು ಅಖಾಯ ಪ್ರಾಂತದ ಅಧಿಪತಿಯಾಗಿದ್ದಾಗ ಪೌಲನನ್ನು ಅವನ ನ್ಯಾಯಪೀಠದ ಮುಂದೆ ಎಳೆದು ತಂದರೆಂದೂ ಇದೆ. ಈ ಗಲ್ಲಿಯೋ ದಾರ್ಶನಿಕ ಸೆನೆಕನ ಅಣ್ಣ. ಗ್ರೀಸಿನ ಡೆಲ್ಫಿಯಲ್ಲಿ ಒಂದು ಶಾಸನದ ಚೂರುಗಳು ಸಿಕ್ಕಿ, ಇಪ್ಪತ್ತನೇ ಶತಮಾನದ ಆರಂಭದಲ್ಲಿ ಪ್ರಕಟವಾದವು. ಅದು ಕ್ಲಾಡಿಯಸ್ ಚಕ್ರವರ್ತಿಯ ಪತ್ರ. ಅದರಲ್ಲಿ ಗಲ್ಲಿಯೋ ತನ್ನ ಮಿತ್ರ, ಅಲ್ಲಿನ ಅಧಿಪತಿ ಎಂಬ ಉಲ್ಲೇಖವಿದೆ. ಪತ್ರ ಬರೆದಾಗ ಕ್ಲಾಡಿಯಸ್‌ಗೆ ಸೇನೆ 26ನೇ ಸಲ ಜಯಘೋಷ ಮಾಡಿತ್ತು ಎಂಬ ವಿವರವೂ ಇದೆ. 27ನೆಯ ಘೋಷ ಕ್ರಿ.ಶ. 52ರ ಆಗಸ್ಟ್ ಒಂದರೊಳಗೆ ಆಗಿಹೋಗಿತ್ತೆಂದು ರೋಮಿನ ಒಂದು ನೀರುಕಾಲುವೆಯ ಶಾಸನದಿಂದ ಗೊತ್ತಾಗುತ್ತದೆ. ಹಾಗಾಗಿ ಡೆಲ್ಫಿಯ ಪತ್ರ 52ರ ಮೊದಲರ್ಧದ್ದು. ಇಂಥ ಅಧಿಪತಿಗಳ ಅವಧಿ ಸಾಮಾನ್ಯವಾಗಿ ಒಂದು ವರ್ಷ, ಜುಲೈ ಹೊತ್ತಿಗೆ ಶುರು. ಅಲ್ಲಿಗೆ ಗಲ್ಲಿಯೋ 51–52ರಲ್ಲಿ ಕೊರಿಂಥದಲ್ಲಿದ್ದ, ಪೌಲ ಸುಮಾರು 50ರಿಂದ 52ರವರೆಗೆ ಅಲ್ಲಿದ್ದ ಎಂದಾಯಿತು. ಗೂಟ ನೆಟ್ಟಂತಾಯಿತು.

ಇನ್ನು ಅಲ್ಲಿಂದ ಹಿಂದಕ್ಕೆ ಅಳೆಯೋಣ. ಕೊರಿಂಥಕ್ಕೆ ಬರುವ ಮೊದಲು ಯೆರೂಸಲೇಮಿನಲ್ಲಿ ಅಪೊಸ್ತಲರ ಸಭೆ ನಡೆದಿತ್ತು. ನಡುವಿನ ಪ್ರಯಾಣಕ್ಕೆ ಸಮಯ ಕೊಟ್ಟರೆ ಅದು 48 ಅಥವಾ 49. ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಪೌಲ ತಾನು ಕ್ರಿಸ್ತನನ್ನು ನಂಬಿದ ಮೇಲೆ ‘ಮೂರು ವರ್ಷದ ತರುವಾಯ’ ಒಮ್ಮೆ, ‘ಹದಿನಾಲ್ಕು ವರ್ಷದ ಮೇಲೆ’ ಇನ್ನೊಮ್ಮೆ ಯೆರೂಸಲೇಮಿಗೆ ಹೋದೆ ಎನ್ನುತ್ತಾನೆ. ಎರಡನೆಯ ಭೇಟಿಯೇ ಈ ಸಭೆ ಎಂಬುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಸಭೆಯನ್ನು 48 ಎಂದಿಟ್ಟುಕೊಂಡು ಹದಿನಾಲ್ಕು ಕಳೆದರೆ 34, ಅದರಲ್ಲಿ ಮೂರು ಕಳೆದರೆ 31. ಆದರೆ ಆ ಹದಿನಾಲ್ಕರೊಳಗೆ ಮೊದಲಿನ ಮೂರೂ ಸೇರಿದ್ದರೆ ಉತ್ತರ 34ಕ್ಕೇ ನಿಲ್ಲುತ್ತದೆ. ಅದೂ ಅಲ್ಲದೆ ಆ ಕಾಲದವರು ಮೊದಲ ಮತ್ತು ಕೊನೆಯ ತುಂಡು ವರ್ಷಗಳನ್ನು ಪೂರ್ತಿ ವರ್ಷಗಳಾಗಿ ಎಣಿಸುತ್ತಿದ್ದರು. ಹದಿನಾಲ್ಕು ಎಂದರೆ ನಮ್ಮ ಲೆಕ್ಕದಲ್ಲಿ ಹದಿಮೂರೇ ಆಗಿರಬಹುದು. ಎಲ್ಲ ಸೇರಿಸಿದರೆ ಪೌಲನ ಮನಃಪರಿವರ್ತನೆ 31ರಿಂದ 35ರ ನಡುವೆ ಎಲ್ಲೋ ಬೀಳುತ್ತದೆ. ಕಾಲರೇಖೆಯಲ್ಲಿ ಇದನ್ನು ಚುಕ್ಕೆಯಾಗಿ ಇಡಬೇಡಿ. ಐದು ಮಿಲಿಮೀಟರಿಗಿಂತ ಕಡಿಮೆಯ ಒಂದು ಪಟ್ಟಿಯಾಗಿ ಬಣ್ಣ ಹಚ್ಚಿ.

ಹೀಗೆ ಪಟ್ಟಿ ಹಚ್ಚಿದಾಗಲೇ ಪಕ್ಕದ ಘಟನೆಯೂ ಬಿಗಿಯಾಗುತ್ತದೆ. ಶಿಲುಬೆಯ ಮರಣ ಪೊಂತ್ಯ ಪಿಲಾತನ ಅಧಿಕಾರಾವಧಿಯಲ್ಲಿ, ಎಂದರೆ 26–36ರ ನಡುವೆ ಆಗಬೇಕು, ಪಸ್ಕದ ಹೊತ್ತಿನ ಶುಕ್ರವಾರವೂ ಆಗಿರಬೇಕು. ಚಂದ್ರನ ಲೆಕ್ಕ ಹಾಕಿದವರು ಮುಖ್ಯವಾಗಿ ಎರಡು ದಿನಗಳನ್ನು ಮುಂದಿಡುತ್ತಾರೆ: ಕ್ರಿ.ಶ. 30ರ ಏಪ್ರಿಲ್ 7 ಮತ್ತು 33ರ ಏಪ್ರಿಲ್ 3. ಶಿಲುಬೆ 33ರಲ್ಲಿ ಎಂದು ಒಪ್ಪಿದರೆ ಪೌಲ 31ರಲ್ಲಿ ಮನ ತಿರುಗಿಸಿರಲು ಸಾಧ್ಯವೇ ಇಲ್ಲ, ಅವನ ಪಟ್ಟಿ 33–35ಕ್ಕೆ ಕುಗ್ಗುತ್ತದೆ. ಬಿಡಿ ಇಸವಿಗಳನ್ನು ಬಾಯಿಪಾಠ ಮಾಡಿದವರು ಒಂದು ಪುಸ್ತಕದಿಂದ ಶಿಲುಬೆಗೆ 33 ಎತ್ತಿಕೊಂಡು, ಇನ್ನೊಂದರಿಂದ ಪೌಲನಿಗೆ 32 ಎತ್ತಿಕೊಂಡು ಎರಡನ್ನೂ ಒಂದೇ ಉತ್ತರದಲ್ಲಿ ಬರೆದುಬಿಡುತ್ತಾರೆ. ಒಂದೇ ಗೆರೆಯ ಮೇಲೆ ಇಟ್ಟವರಿಗೆ ಈ ಅಪಘಾತ ಆಗುವುದಿಲ್ಲ.

ಇದೇ 52ರ ನೇರಕ್ಕೆ, ಮೂರನೆಯ ಸಾಲಿನಲ್ಲಿ, ನಮ್ಮ ಪಕ್ಕದ ಕೇರಳದ್ದೊಂದು ನಮೂದು ಬರುತ್ತದೆ. ಸಂತ ತೋಮನು ಕ್ರಿ.ಶ. 52ರಲ್ಲಿ ಮುಜಿರಿಸ್ ಅಂದರೆ ಕೊಡುಂಗಲ್ಲೂರಿನ ಕಡೆ ಬಂದಿಳಿದನೆಂಬುದು ಅಲ್ಲಿನ ಕ್ರೈಸ್ತರ ಸಂಪ್ರದಾಯ. ಹಾಳೆಯ ಮೇಲೆ ಎರಡು 52 ಒಂದರ ಕೆಳಗೊಂದು ನಿಲ್ಲುತ್ತವೆ. ಒಂದಕ್ಕೆ ಸಮಕಾಲೀನ ಕಲ್ಲಿನ ಸಾಕ್ಷ್ಯವಿದೆ, ಇನ್ನೊಂದಕ್ಕೆ ಒಂದು ಸಮುದಾಯ ಶತಮಾನಗಳಿಂದ ಕಾಪಾಡಿಕೊಂಡು ಬಂದ ನೆನಪಿದೆ. ಮೊದಲನೆಯದನ್ನು ಗಟ್ಟಿ ಗೆರೆಯಿಂದಲೂ ಎರಡನೆಯದನ್ನು ಚುಕ್ಕೆ ಗೆರೆಯಿಂದಲೂ ಗುರುತಿಸಿ. ಉತ್ತರದಲ್ಲಿ ‘ಸಂಪ್ರದಾಯದ ಪ್ರಕಾರ 52’ ಎಂದು ಬರೆದರೆ ಸಾಕು, ಯಾರ ನಂಬಿಕೆಗೂ ಧಕ್ಕೆಯಿಲ್ಲ, ಇತಿಹಾಸಕ್ಕೂ ಮೋಸವಿಲ್ಲ. ಮೆಣಸಿನ ನಾಡಾದ ಮಲಬಾರಿನಲ್ಲಿ ಕ್ರೈಸ್ತರಿದ್ದಾರೆಂದು ಆರನೇ ಶತಮಾನದ ಕಾಸ್ಮಾಸ್ ಎಂಬವನು ಬರೆದಿಟ್ಟಿದ್ದಾನೆ. ಅದು ನಮ್ಮ ಹಾಳೆಯ ಅಂಚನ್ನು ದಾಟಿದ ಮೇಲಿನ ಮಾತು.

ಮೊದಲ ಶತಮಾನದ ಉಳಿದ ಗೂಟಗಳು ಸುಲಭ. 64ರಲ್ಲಿ ರೋಮ್ ಹೊತ್ತಿ ಉರಿದಾಗ ನೀರೋ ಅದರ ಹೊಣೆಯನ್ನು ಕ್ರೈಸ್ತರ ತಲೆಗೆ ಕಟ್ಟಿದ. 70ರಲ್ಲಿ ತೀತನ ಸೈನ್ಯ ಯೆರೂಸಲೇಮಿನ ದೇವಾಲಯವನ್ನು ಕೆಡವಿತು. ಇಲ್ಲಿ ಒಂದು ಸೂಕ್ಷ್ಮ ಮಾತ್ರ ನೆನಪಿರಲಿ. ನೀರೋನ ಹಿಂಸೆಯನ್ನು ನಮಗೆ ತಿಳಿಸುವ ಟ್ಯಾಸಿಟಸ್ ಬರೆದದ್ದು ಸುಮಾರು ಐವತ್ತು ವರ್ಷ ಕಳೆದ ಮೇಲೆ. ಘಟನೆಯ ಇಸವಿಯನ್ನು ಗೆರೆಯ ಮೇಲೂ ಅದನ್ನು ಹೇಳುವ ಬರಹದ ಇಸವಿಯನ್ನು ಪಕ್ಕದಲ್ಲಿ ಪೆನ್ಸಿಲಿನಲ್ಲೂ ಬರೆದುಕೊಂಡರೆ, ‘ಆಧಾರಗಳನ್ನು ವಿಮರ್ಶಿಸಿ’ ಎಂಬ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಸಿದ್ಧವಾಗಿರುತ್ತದೆ.

ಆಮೇಲೆ ಹಿಂಸೆಯ ಕಾಲ. ‘ಕ್ರೈಸ್ತರು ಮುನ್ನೂರು ವರ್ಷ ನಿರಂತರ ಹಿಂಸೆಗೆ ಗುರಿಯಾದರು’ ಎಂಬ ವಾಕ್ಯವನ್ನು ಕೈಯಲ್ಲಿ ಹಿಡಿದು ಅಳತೆಪಟ್ಟಿಯ ಮುಂದೆ ಕುಳಿತರೆ ಅದು ನಿಲ್ಲುವುದಿಲ್ಲ. 250ಕ್ಕೆ ಮೊದಲಿನವು ಊರಿಗೊಂದರಂತೆ ಆದವು. 64ರದ್ದು ರೋಮ್ ನಗರದಲ್ಲಿ. ಸುಮಾರು 112ರಲ್ಲಿ ಕಪ್ಪು ಸಮುದ್ರದ ದಂಡೆಯ ಬಿಥೂನಿಯ-ಪೊಂತದ ಅಧಿಪತಿ ಪ್ಲಿನಿ, ಈ ಕ್ರೈಸ್ತರನ್ನು ಏನು ಮಾಡಬೇಕೆಂದು ಟ್ರಾಜನ್ ಚಕ್ರವರ್ತಿಗೆ ಪತ್ರ ಬರೆದ. ಅವರನ್ನು ಹುಡುಕಿಕೊಂಡು ಹೋಗಬೇಡ, ಯಾರಾದರೂ ದೂರಿ ಸಾಬೀತಾದರೆ ಶಿಕ್ಷಿಸು ಎಂದು ಉತ್ತರ ಬಂತು. 177ರದ್ದು ಫ್ರಾನ್ಸಿನ ಲಿಯೋನಿನಲ್ಲಿ, 203ರಲ್ಲಿ ಪೆರ್ಪೆಚುವಾ ಎಂಬ ಎಳೆಯ ತಾಯಿ ಸತ್ತದ್ದು ಉತ್ತರ ಆಫ್ರಿಕದ ಕಾರ್ಥೇಜಿನಲ್ಲಿ. ಇವೆಲ್ಲ ಊರಿನ ಹೆಸರು ಹೊತ್ತ ಚುಕ್ಕೆಗಳು. ಉದ್ದನೆಯ ಪಟ್ಟಿ ಎಳೆದರೆ ತಪ್ಪು.

ಸಾಮ್ರಾಜ್ಯವಿಡೀ ಹಬ್ಬಿದ ಆಜ್ಞೆಗಳಿಗೆ ಪಟ್ಟಿ ಎಳೆಯಿರಿ, ಎಷ್ಟು ಚಿಕ್ಕವೆಂದು ನೋಡಿ. ಡೆಸಿಯಸ್ ಎಲ್ಲ ಪ್ರಜೆಗಳೂ ದೇವತೆಗಳಿಗೆ ಬಲಿ ಕೊಡಬೇಕೆಂದು ವಿಧಿಸಿದ್ದು 249ರ ಕೊನೆ ಅಥವಾ 250ರ ಆರಂಭದಲ್ಲಿ, ಯುದ್ಧದಲ್ಲಿ ಸತ್ತದ್ದು 251ರಲ್ಲಿ. ಹಾಳೆಯ ಮೇಲೆ ಅದು ಒಂದೂವರೆ ಮಿಲಿಮೀಟರ್. ಬಲಿ ಕೊಟ್ಟವರಿಗೆ ಸಾಕ್ಷಿಗಳ ಸಹಿ ಹಾಕಿದ ಪ್ರಮಾಣಪತ್ರ ಕೊಡುತ್ತಿದ್ದರು. ಈಜಿಪ್ಟಿನ ಒಣ ಮರಳಿನಲ್ಲಿ ಪಪೈರಸ್ ಹಾಳೆಯ ಅಂಥ ನಲವತ್ತಕ್ಕೂ ಹೆಚ್ಚು ಪತ್ರಗಳು ಸಿಕ್ಕಿವೆ. ಅರ್ಜಿದಾರನ ಹೆಸರು, ಊರು, ತಾನು ಯಾವಾಗಲೂ ದೇವತೆಗಳಿಗೆ ಬಲಿ ಕೊಡುತ್ತ ಬಂದವನು, ಈಗಲೂ ನಿಮ್ಮೆದುರು ಪಾನಾರ್ಪಣೆ ಮಾಡಿ, ಬಲಿ ಕೊಟ್ಟು, ಪ್ರಸಾದ ತಿಂದಿದ್ದೇನೆ ಎಂಬ ಹೇಳಿಕೆ, ಕೆಳಗೆ ತಾರೀಖು. ನಮ್ಮ ತಾಲ್ಲೂಕು ಕಚೇರಿಯ ದೃಢೀಕರಣ ಪತ್ರ ಕಂಡವರಿಗೆ ಇದರ ಧಾಟಿ ಅಪರಿಚಿತವಲ್ಲ.

ವಲೇರಿಯನ್‌ನದು 257ರಿಂದ 260, ಮೂರು ಮಿಲಿಮೀಟರ್. ಕಾರ್ಥೇಜಿನ ಬಿಷಪ್ ಸಿಪ್ರಿಯನ್ ಸತ್ತದ್ದು ಇದರಲ್ಲಿ, 258ರ ಸೆಪ್ಟೆಂಬರಿನಲ್ಲಿ. ವಲೇರಿಯನ್ ಪರ್ಷಿಯನ್ನರ ಸೆರೆಯಾದ ಮೇಲೆ ಅವನ ಮಗ ಗಲೀನಸ್ ಚರ್ಚುಗಳ ಆಸ್ತಿ ಹಿಂತಿರುಗಿಸಿದ. ಅಲ್ಲಿಂದ 303ರವರೆಗೆ ಹಾಳೆಯ ಮೇಲೆ ನಾಲ್ಕು ಸೆಂಟಿಮೀಟರಿಗೂ ಮಿಕ್ಕಿ ಖಾಲಿ ಜಾಗ. ಈ ಖಾಲಿ ಜಾಗವೇ ಕಾಲರೇಖೆ ಕೊಡುವ ದೊಡ್ಡ ಮಾಹಿತಿ. ಆ ನಲವತ್ತಮೂರು ವರ್ಷದಲ್ಲಿ ಸಭೆ ಎಷ್ಟು ಬೆಳೆಯಿತೆಂದರೆ ನಿಕೊಮೀಡಿಯದಲ್ಲಿ ಡಯೋಕ್ಲೀಷಿಯನ್‌ನ ಅರಮನೆಯಿಂದ ಕಾಣುವ ಹಾಗೆಯೇ ಒಂದು ಚರ್ಚು ಎದ್ದು ನಿಂತಿತ್ತು.

ಪಟ್ಟಿಗಳು ಚಿಕ್ಕವು, ಅವುಗಳ ನೆರಳು ಉದ್ದ. ಪ್ರತಿ ಪಟ್ಟಿಯ ಕೆಳಗೆ ಸಭೆಯ ಸಾಲಿನಲ್ಲಿ ಒಂದು ಬಾಣ ಎಳೆದು ಅದರಿಂದ ಹುಟ್ಟಿದ ಜಗಳ ಬರೆಯಿರಿ. ಡೆಸಿಯಸ್‌ನ ಕಾಲದಲ್ಲಿ ಹೆದರಿ ಬಲಿ ಕೊಟ್ಟವರನ್ನು, ಕಾಸು ಕೊಟ್ಟು ಪ್ರಮಾಣಪತ್ರ ಕೊಂಡವರನ್ನು ಮತ್ತೆ ಸೇರಿಸಿಕೊಳ್ಳಬೇಕೋ ಬೇಡವೋ ಎಂಬುದರ ಮೇಲೆ 251ರಲ್ಲಿ ರೋಮಿನಲ್ಲಿ ನೊವೇಷಿಯನ್ ಬೇರೆಯಾದ. 303ರ ಆಜ್ಞೆ ಧರ್ಮಗ್ರಂಥಗಳನ್ನು ಸುಡಲು ಹೇಳಿತ್ತು. ಗ್ರಂಥ ಒಪ್ಪಿಸಿದ ಪಾದ್ರಿಗಳ ಕೈಯಿಂದಾದ ಸಂಸ್ಕಾರ ಸಲ್ಲುತ್ತದೆಯೇ ಎಂಬ ಪ್ರಶ್ನೆಯಿಂದ ಆಫ್ರಿಕದಲ್ಲಿ ಡೊನಾಟಿಸ್ಟರ ಒಡಕು ಹುಟ್ಟಿತು. ಹಿಂಸೆಯ ಪರಿಣಾಮ ಕೇಳುವ ಪ್ರಶ್ನೆಗೆ ಹುತಾತ್ಮರ ಹೆಸರುಗಳಿಗಿಂತ ಈ ಬಾಣಗಳು ಹೆಚ್ಚು ಅಂಕ ತರುತ್ತವೆ.

ಈಗ 303ರಿಂದ 325. ದೊಡ್ಡ ಹಾಳೆಯ ಮೇಲೆ ಇದು ಬರೀ 2.2 ಸೆಂಟಿಮೀಟರ್, ಬರೆಯಲು ಹೋದರೆ ಮಸಿಯ ಗುಡ್ಡೆಯಾಗುತ್ತದೆ. ಗೊಂದಲವೆಲ್ಲ ಹುಟ್ಟುವುದೂ ಇಲ್ಲೇ. ಇದಕ್ಕೊಂದು ಬೇರೆ ಹಾಳೆ ತೆಗೆದುಕೊಂಡು ಒಂದು ಸೆಂಟಿಮೀಟರಿಗೆ ಒಂದು ವರ್ಷ ಎಂದು ಬಿಡಿಸಿ. ಮೇಲಿನ ಸಾಲನ್ನು ಪಶ್ಚಿಮ, ಪೂರ್ವ ಎಂದು ಎರಡು ಮಾಡಿ, ಏಕೆಂದರೆ ಈಗ ಸಾಮ್ರಾಜ್ಯಕ್ಕೆ ಒಬ್ಬನೇ ಒಡೆಯನಿಲ್ಲ. 303ರ ಫೆಬ್ರವರಿ 23ರಂದು ನಿಕೊಮೀಡಿಯದ ಆ ಚರ್ಚನ್ನು ಕೆಡವಿದರು, ಮರುದಿನ ಆಜ್ಞೆ ಹೊರಬಿತ್ತು. 305ರಲ್ಲಿ ಡಯೋಕ್ಲೀಷಿಯನ್ ಪದವಿ ಬಿಟ್ಟ. ಪಶ್ಚಿಮದ ಪಟ್ಟಿ 306ರ ಸುಮಾರಿಗೆ ಮುಗಿದುಹೋಗುತ್ತದೆ, ಪೂರ್ವದ್ದು ಮುಂದುವರಿಯುತ್ತದೆ. 311ರ ಏಪ್ರಿಲ್ 30ರಂದು ಸಾವಿನ ಹಾಸಿಗೆಯಲ್ಲಿದ್ದ ಗಲೇರಿಯಸ್ ಕ್ರೈಸ್ತರು ಇರಲಿ, ತಮ್ಮ ದೇವರಿಗೆ ನಮಗಾಗಿಯೂ ಪ್ರಾರ್ಥಿಸಲಿ ಎಂಬ ಆಜ್ಞೆ ಹೊರಡಿಸಿದ. ಮೊದಲ ಸಹಿಷ್ಣುತೆಯ ಆಜ್ಞೆ ಇದು. ಮಿಲಾನ್ ಅಲ್ಲ. ಆದರೂ ಪೂರ್ವದಲ್ಲಿ ಮ್ಯಾಕ್ಸಿಮಿನಸ್ ಮತ್ತೆ ಹಿಂಸೆ ಶುರು ಮಾಡಿದ್ದರಿಂದ ಪಟ್ಟಿ 313ರವರೆಗೆ ಎಳೆಯಬೇಕು.

312ರ ಅಕ್ಟೋಬರ್ 28, ಮಿಲ್ವಿಯನ್ ಸೇತುವೆಯ ಕಾಳಗ. ಕಾನ್‌ಸ್ಟಂಟೈನ್ ಪಶ್ಚಿಮದ ಒಡೆಯನಾದ. 313ರ ಫೆಬ್ರವರಿಯಲ್ಲಿ ಅವನೂ ಲಿಸಿನಿಯಸ್‌ನೂ ಮಿಲಾನಿನಲ್ಲಿ ಸೇರಿ ಒಪ್ಪಂದಕ್ಕೆ ಬಂದರು. ನಾವು ‘ಮಿಲಾನ್ ಶಾಸನ’ ಎಂದು ಓದುವ ಪಠ್ಯ ಲಿಸಿನಿಯಸ್‌ನ ಪತ್ರ. ಜೂನ್ 13ರಂದು ನಿಕೊಮೀಡಿಯದಲ್ಲಿ ಪ್ರಕಟವಾಯಿತು. ಅದು ಹೇಳುವುದು ಕ್ರೈಸ್ತರಿಗೂ ಎಲ್ಲರಿಗೂ ತಮಗಿಷ್ಟವಾದ ಧರ್ಮವನ್ನು ಅನುಸರಿಸುವ ಸ್ವಾತಂತ್ರ್ಯವಿದೆ, ಕಿತ್ತುಕೊಂಡ ಆಸ್ತಿ ವಾಪಸು ಕೊಡಬೇಕು ಎಂದು. ರಾಜಧರ್ಮದ ಮಾತೇ ಅಲ್ಲಿಲ್ಲ. ಹಾಳೆಯ ಮೇಲೆ ಇನ್ನೊಂದು ಸೆಂಟಿಮೀಟರ್ ಸರಿದರೆ 314, ಆರ್ಲ್ ಮಹಾಸಭೆ, ಡೊನಾಟಿಸ್ಟರ ವ್ಯಾಜ್ಯಕ್ಕಾಗಿ. ಲಿಸಿನಿಯಸ್‌ನನ್ನು ಸೋಲಿಸಿ ಕಾನ್‌ಸ್ಟಂಟೈನ್ ಒಬ್ಬನೇ ಚಕ್ರವರ್ತಿಯಾದದ್ದು 324ರಲ್ಲಿ. ಮರುವರ್ಷವೇ ನೈಸಿಯ. ಈ ಹಾಳೆಯನ್ನು ಒಮ್ಮೆ ಬಿಡಿಸಿದವರಿಗೆ ನೈಸಿಯ 313ರಲ್ಲೇ ಏಕೆ ನಡೆಯಲಿಲ್ಲ ಎಂದು ಯಾರೂ ಹೇಳಿಕೊಡಬೇಕಿಲ್ಲ. ಪೂರ್ವದ ಬಿಷಪರನ್ನು ಕರೆಸುವ ಅಧಿಕಾರ ಅವನಿಗೆ ಆಗಷ್ಟೇ ಸಿಕ್ಕಿತ್ತು.

ನೈಸಿಯ ಚರ್ಚಿಸಿದ್ದು ಮಗನು ತಂದೆಗೆ ಸಮಾನನಲ್ಲ, ಸೃಷ್ಟಿಯಾದವನು ಎಂಬ ಏರಿಯಸ್‌ನ ವಾದವನ್ನು, ಈಸ್ಟರ್ ದಿನವನ್ನು, ಜೊತೆಗೆ ಸಭೆಯ ಶಿಸ್ತಿನ ಇಪ್ಪತ್ತು ನಿಯಮಗಳನ್ನು. ಪುಸ್ತಕಗಳ ಪಟ್ಟಿ ಅಲ್ಲಿ ಆಗಲಿಲ್ಲ. ಹೊಸ ಒಡಂಬಡಿಕೆಯ ಇಪ್ಪತ್ತೇಳು ಪುಸ್ತಕಗಳನ್ನು ಇಂದಿರುವಂತೆಯೇ ಹೆಸರಿಸಿದ್ದು ಅಲೆಕ್ಸಾಂಡ್ರಿಯದ ಅಥನೇಸಿಯಸ್, 367ರ ಈಸ್ಟರ್ ಪತ್ರದಲ್ಲಿ. ದೊಡ್ಡ ಹಾಳೆಗೆ ಮರಳಿದರೆ ಇವೆರಡರ ನಡುವೆ ನಾಲ್ಕು ಸೆಂಟಿಮೀಟರಿಗಿಂತ ಹೆಚ್ಚು ದೂರವಿದೆ. ಏರಿಯಸ್‌ನ ವಾದ ನೈಸಿಯದಲ್ಲಿ ಮುಗಿಯಲೂ ಇಲ್ಲ. ಅಥನೇಸಿಯಸ್ ಐದು ಸಲ ಗಡೀಪಾರಾದ, ಕಾನ್‌ಸ್ಟಂಟೈನ್ 337ರಲ್ಲಿ ಸಾಯುವ ಮುನ್ನ ದೀಕ್ಷಾಸ್ನಾನ ಪಡೆದದ್ದು ಏರಿಯಸ್‌ನ ಕಡೆಯವನಾಗಿದ್ದ ಬಿಷಪನ ಕೈಯಿಂದ. 380ರ ಫೆಬ್ರವರಿ 27ರಂದು ಥೆಸಲೋನಿಕದಿಂದ ಥಿಯೊಡೋಸಿಯಸ್ ಹೊರಡಿಸಿದ ಆಜ್ಞೆ ತ್ರಿಯೇಕ ದೇವರ ನಂಬಿಕೆಯನ್ನು ಪ್ರಜೆಗಳ ಮೇಲೆ ವಿಧಿಸಿತು. ರಾಜಧರ್ಮದ ಮಾತಿಗೆ ಇಸವಿ ಬೇಕಿದ್ದರೆ ಇದು. ಮರುವರ್ಷ ಕಾನ್‌ಸ್ಟಾಂಟಿನೋಪಲ್ ಮಹಾಸಭೆ. ಇಂದು ಚರ್ಚುಗಳಲ್ಲಿ ‘ನೈಸಿಯ ವಿಶ್ವಾಸಪ್ರಮಾಣ’ ಎಂದು ಹೇಳುವುದು ಈ 381ರ ಸಭೆಯ ಹೆಸರಿಗೆ ಸೇರಿದ ರೂಪವನ್ನೇ. 431ರ ಎಫೆಸ, 451ರ ಕಾಲ್ಸಿಡನ್‌ಗಳನ್ನು ಅವುಗಳ ಚಕ್ರವರ್ತಿಗಳ ಹೆಸರಿನ ಜೊತೆ ಇಟ್ಟರೆ ಸಾಕು.

ಪುನರಾವರ್ತನೆ ಮಾಡುವಾಗ ಈ ಹಾಳೆಯನ್ನು ಓದುತ್ತ ಕೂರಬೇಡಿ, ಮುಚ್ಚಿಟ್ಟು ಬೇರೆ ಹಾಳೆಯ ಮೇಲೆ ಬಿಡಿಸಿ. ಮೊದಲು ಗೂಟಗಳನ್ನಷ್ಟೇ: 52, 64, 70, 112, 250, 303, 313, 325, 380, 451. ಆಮೇಲೆ ಉಳಿದವನ್ನು ಇಸವಿ ನೆನಪಾಗದಿದ್ದರೂ ಯಾವ ಗೂಟದ ಎಡಕ್ಕೆ, ಯಾವುದರ ಬಲಕ್ಕೆ ಎಂದು ಯೋಚಿಸಿ ಇಡಿ. ಹೋಲಿಸುವಾಗ ತಪ್ಪನ್ನು ಎರಡು ಬಗೆ ಮಾಡಿ. ಪೆರ್ಪೆಚುವಾ 205ಕ್ಕೆ ಬಿದ್ದಿದ್ದರೆ ಪರವಾಗಿಲ್ಲ, ತಿದ್ದಿಕೊಂಡು ಮುಂದೆ ಹೋಗಿ. ಗಲೇರಿಯಸ್‌ನ ಆಜ್ಞೆ 313ರ ಬಲಕ್ಕೆ ಬಿದ್ದಿದ್ದರೆ ಕಾರಣ-ಪರಿಣಾಮಗಳೇ ತಲೆಕೆಳಗಾಗಿವೆ ಎಂದರ್ಥ, ಪಾಠಕ್ಕೆ ಹಿಂತಿರುಗಬೇಕು. ಸುಮಾರಿನ ಇಸವಿಗಳಿಗೆ ‘ಸು.’ ಹಾಕುವುದನ್ನು ಈ ಹಂತದಲ್ಲೇ ರೂಢಿ ಮಾಡಿಕೊಂಡರೆ ಪರೀಕ್ಷೆಯಲ್ಲಿ ತಾನಾಗಿ ಬರುತ್ತದೆ.

ಹೆಚ್ಚಿನವರು ಮೂರನೆಯ ಸಾಲನ್ನು ಖಾಲಿ ಬಿಡುತ್ತಾರೆ. ತೋಮನ ಚುಕ್ಕೆ ಗೆರೆಯ ಆಚೆಗೆ ಅಲ್ಲಿ ತುಂಬಲು ಇನ್ನೂ ಇದೆ. ನಾಲ್ಕನೇ ಶತಮಾನದ ಆರಂಭದಲ್ಲಿ ಅರ್ಮೇನಿಯದ ರಾಜ ಕ್ರೈಸ್ತನಾದ. ಸಂಪ್ರದಾಯ 301 ಎನ್ನುತ್ತದೆ, ಅನೇಕ ವಿದ್ವಾಂಸರು 314ರ ಕಡೆ ವಾಲುತ್ತಾರೆ. ಪರ್ಷಿಯದಲ್ಲಿ ಎರಡನೆಯ ಶಾಪೂರ್ ಕ್ರೈಸ್ತರನ್ನು ಕೊಲ್ಲಿಸಲು ತೊಡಗಿದ್ದು ಸು. 340ರಲ್ಲಿ. ಆ ಪಟ್ಟಿಯನ್ನು ಎಳೆದು ಮೇಲಿನ ಸಾಲಿನತ್ತ ಕಣ್ಣು ಹಾಯಿಸಿ. ರೋಮಿನ ಸಾಲಿನಲ್ಲಿ ಪಟ್ಟಿಗಳು ನಿಂತುಹೋದ ಮೇಲೆಯೇ ಪರ್ಷಿಯದಲ್ಲಿ ಅವು ಶುರುವಾಗುತ್ತವೆ. ಶತ್ರು ದೇಶದ ಚಕ್ರವರ್ತಿ ಕ್ರೈಸ್ತರ ಪೋಷಕನಾದಾಗ ಪರ್ಷಿಯದ ಕ್ರೈಸ್ತರು ಅನುಮಾನಕ್ಕೆ ಗುರಿಯಾದರು. ಆ ಸಭೆ 410ರಲ್ಲಿ ಸೆಲೂಷಿಯ-ಟೆಸಿಫೋನಿನಲ್ಲಿ ಸೇರಿ ನೈಸಿಯದ ವಿಶ್ವಾಸವನ್ನು ಒಪ್ಪಿಕೊಂಡಿತು. ಮಲಬಾರಿನ ಕ್ರೈಸ್ತರಿಗೆ ಮುಂದಿನ ಶತಮಾನಗಳಲ್ಲಿ ಬಿಷಪರು ಬರುತ್ತಿದ್ದದ್ದು ಈ ಪೂರ್ವದ ಸಭೆಯಿಂದಲೇ.